ಆ ನಾಲ್ಕು ಜನ ಯಾರು? ‘ವಯಸ್ಸು ಮೀರುತ್ತಿದೆ’ ಎಂಬ ಮಾತಿನ ಸುತ್ತ ಒಂದು ಕುಟುಂಬದ ಪ್ರಕರಣ

ಇಲ್ಲಿ ದಾಖಲಿಸುತ್ತಿರುವುದು ನಾನು ಆಪ್ತಸಮಾಲೋಚಕಿಯಾಗಿ ಸುಮಾರು ಐದು ತಿಂಗಳು ಕಂಡ ಒಂದು ಕುಟುಂಬದ ಸಂಗತಿ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ ಮತ್ತು ಯಾರ ಹೆಸರನ್ನೂ ಬಳಸಿಲ್ಲ. ಬಂದವಳು 29 ವರ್ಷದ ಮಗಳು. ನಾಲ್ಕು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು, 27ನೆಯ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು ಸಂಶೋಧನಾ ಪದವಿಗೆ ಸೇರಿದ್ದಳು. ಪದವಿ ಮುಗಿಯಲು ಇನ್ನೂ 22 ತಿಂಗಳು ಬೇಕಿತ್ತು. ತಂದೆ, ತಾಯಿ ಮತ್ತು 25 ವರ್ಷದ ತಮ್ಮನೊಂದಿಗೆ ಒಂದೇ ಮನೆಯಲ್ಲಿ ವಾಸ. ಆಕೆ ಹೇಳಿಕೊಂಡ ತೊಂದರೆ ನಿದ್ರೆಯದ್ದು. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ, ಅಲ್ಲಿಂದ ಬೆಳಗಿನವರೆಗೂ ತಾನು ಯಾವುದಕ್ಕೆ ಎಷ್ಟು ತಡವಾಗಿದ್ದೇನೆ ಎಂಬ ಲೆಕ್ಕವೇ ತಲೆಯಲ್ಲಿ ತಿರುಗುತ್ತಿತ್ತು. ಮೊದಲ ಭೇಟಿಯಲ್ಲಿ ಆಕೆ ಕೇಳಿದ ಪ್ರಶ್ನೆ ಒಂದೇ: “ನಾನು ನಿಜವಾಗಿಯೂ ತಡವಾಗಿದ್ದೇನೆಯೇ, ಅಥವಾ ಮನೆಯವರು ಹಾಗೆ ಅನ್ನಿಸುತ್ತಿದ್ದಾರೆಯೇ?”

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಮೊದಲು, ತಡ ಎಂಬುದನ್ನು ಯಾವ ಗಡಿಯಾರದಿಂದ ಅಳೆಯುತ್ತಿದ್ದೇವೆ ಎಂದು ಕೇಳಬೇಕಾಗುತ್ತದೆ. ಚಿಕಾಗೊ ವಿಶ್ವವಿದ್ಯಾಲಯದ ಬರ್ನಿಸ್ ನ್ಯೂಗಾರ್ಟನ್ 1960ರ ದಶಕದಲ್ಲಿ ‘ಸಾಮಾಜಿಕ ಗಡಿಯಾರ’ ಎಂದು ಕರೆದದ್ದು ಇದನ್ನೇ. ಓದು ಮುಗಿಸುವುದಕ್ಕೆ, ಕೆಲಸ ಹಿಡಿಯುವುದಕ್ಕೆ, ಮದುವೆಯಾಗುವುದಕ್ಕೆ, ಅಜ್ಜಿಯಾಗುವುದಕ್ಕೆ ಇಂತಿಂಥ ವಯಸ್ಸೇ ಸರಿ ಎಂಬ ಹಂಚಿಕೊಂಡ ನಿರೀಕ್ಷೆ ಪ್ರತಿ ಸಮಾಜದಲ್ಲೂ ಇರುತ್ತದೆ. ಜನರು ತಮ್ಮ ಬದುಕನ್ನು ಅದರ ಪಕ್ಕದಲ್ಲಿಟ್ಟು, ತಾವು ವೇಳೆಗೆ ಸರಿಯಾಗಿದ್ದೇವೋ, ಮುಂದಿದ್ದೇವೋ, ಹಿಂದುಳಿದಿದ್ದೇವೋ ಎಂದು ತೂಗಿಕೊಳ್ಳುತ್ತಾರೆ. ಈ ಗಡಿಯಾರ ಗೋಡೆಯ ಮೇಲಿನದರಷ್ಟು ಸ್ಥಿರವಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಮಧ್ಯಮ ವರ್ಗದ ಜನರನ್ನು ಕೇಳಿದಾಗ, ಹೆಣ್ಣಿನ ಮದುವೆಗೆ 19ರಿಂದ 24 ವರ್ಷವೇ ಸೂಕ್ತ ಎಂದು ಗಂಡಸರಲ್ಲಿ ಶೇ. 85 ಮತ್ತು ಹೆಂಗಸರಲ್ಲಿ ಶೇ. 90 ಮಂದಿ ಒಪ್ಪಿದ್ದರು. ಇಪ್ಪತ್ತು ವರ್ಷಗಳ ನಂತರ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಒಪ್ಪಿದವರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿತ್ತು. ಒಂದೇ ತಲೆಮಾರಿನ ಅವಧಿಯಲ್ಲಿ ಇಷ್ಟು ಜರುಗುವ ಮುಳ್ಳನ್ನು ನಂಬಿ ಮನೆಗಳು ಜಗಳವಾಡುತ್ತವೆ ಎಂಬುದು ನನಗೆ ಇಂದಿಗೂ ಸೋಜಿಗವೇ.

ನನ್ನ ಮೊದಲ ತಪ್ಪು

ಮೊದಲ ಎರಡು ಭೇಟಿಗಳಲ್ಲಿ ನಾನು ಮಗಳ ಮಾತನ್ನಷ್ಟೇ ಕೇಳಿ, ತಾಯಿಯನ್ನು ಒತ್ತಡದ ಮೂಲವೆಂದು ತೀರ್ಮಾನಿಸಿಬಿಟ್ಟೆ. ಮದುವೆಯ ಮಾತು ಬಂದಾಗ ನಯವಾಗಿ ಆದರೆ ಖಚಿತವಾಗಿ ಅದನ್ನು ನಿಲ್ಲಿಸುವ ಎರಡು ವಾಕ್ಯಗಳನ್ನು ಆಕೆಯಿಂದ ಅಭ್ಯಾಸ ಮಾಡಿಸಿದೆ. ಆಕೆ ಮನೆಯಲ್ಲಿ ಅವನ್ನು ಬಳಸಿದಳು, ಮಾತು ನಿಂತಿತು. ಆದರೆ ತಾಯಿ ಒಂಬತ್ತು ದಿನ ಮಗಳೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತನಾಡಲಿಲ್ಲ. ಮಗಳ ನಿದ್ರೆ ಸುಧಾರಿಸುವ ಬದಲು ಇನ್ನಷ್ಟು ಕೆಟ್ಟಿತು. ಒತ್ತಡದ ಮಾತು ಕಡಿಮೆಯಾಗಿ, ಒತ್ತಡದ ಲಕ್ಷಣ ಹೆಚ್ಚಾದರೆ ಅದರರ್ಥ ಒತ್ತಡ ಕೇವಲ ಆಡಿದ ಮಾತಿನಲ್ಲಿ ಇರಲಿಲ್ಲ ಎಂದು. ಆಡದ ಮಾತನ್ನು ಆಕೆ ಈಗ ತಾನೇ ಊಹಿಸಿಕೊಳ್ಳತೊಡಗಿದ್ದಳು, ಊಹೆಗೆ ಮಿತಿಯಿಲ್ಲ. ಮೂರನೆಯ ಭೇಟಿಯಲ್ಲಿ ನನ್ನ ಸಲಹೆ ತಪ್ಪಾಗಿತ್ತೆಂದು ಒಪ್ಪಿಕೊಂಡು ಕೆಲಸವನ್ನು ಬೇರೆ ದಾರಿಯಿಂದ ಆರಂಭಿಸಿದೆ.

ಮಾತುಗಳ ದಾಖಲೆ

ಆಕೆಗೆ ಕೊಟ್ಟ ಕೆಲಸ ಸರಳವಾಗಿತ್ತು. 21 ದಿನ, ವಯಸ್ಸು, ಮದುವೆ ಅಥವಾ ಉದ್ಯೋಗದ ಸಮಯದ ಬಗ್ಗೆ ತನ್ನ ಕಿವಿಗೆ ಬಿದ್ದ ಪ್ರತಿ ಮಾತನ್ನೂ ಬರೆದಿಡಬೇಕು: ಯಾರು ಆಡಿದರು, ಅದಕ್ಕೆ ಮುಂಚೆ ಏನು ನಡೆದಿತ್ತು, ಯಾವುದಾದರೂ ಸಂಖ್ಯೆ ಬಂತೇ, ಕಾರಣ ಕೊಟ್ಟರೇ. ಉತ್ತರ ಕೊಡಬೇಕಿಲ್ಲ, ಬದಲಿಸಬೇಕಿಲ್ಲ, ಬರೆದರೆ ಸಾಕು. ದಾಖಲೆ ಶುರುಮಾಡುವ ಮೊದಲು ಆಕೆಯ ಅಂದಾಜು, “ದಿನಕ್ಕೆ ಹತ್ತು ಸಲವಾದರೂ” ಎಂದಿತ್ತು. ಮೂರು ವಾರಗಳಲ್ಲಿ ದಾಖಲಾದದ್ದು ಒಟ್ಟು 34 ಮಾತು. ತಾಯಿಯದು 22, ನೆಂಟರದು 8, ತಂದೆಯದು 3, ತಮ್ಮನದು 1.

ಸಂಖ್ಯೆ ಅಂದಾಜಿಗಿಂತ ಕಡಿಮೆಯಿದೆ ಎಂಬ ಕಾರಣಕ್ಕೆ ಆಕೆಯ ಸಂಕಟ ಸುಳ್ಳಾಗುವುದಿಲ್ಲ. ನಮಗೆ ಬೇಕಿದ್ದದ್ದು ಅವುಗಳ ಹಂಚಿಕೆ. ತಾಯಿಯ 22 ಮಾತುಗಳಲ್ಲಿ 15, ಅವರು ತಮ್ಮ ಅಕ್ಕನೊಂದಿಗೆ ಫೋನಿನಲ್ಲಿ ಮಾತನಾಡಿದ ದಿನ ಅಥವಾ ಅದರ ಮರುದಿನ ಬಂದಿದ್ದವು. ಫೋನ್ ಬಾರದ ವಾರದಲ್ಲಿ ತಾಯಿ ಎರಡೇ ಸಲ ಆ ವಿಷಯ ಎತ್ತಿದ್ದರು. ‘ಮೂವತ್ತು’ ಎಂಬ ಅಂಕಿ ಒಟ್ಟು 19 ಮಾತುಗಳಲ್ಲಿ ಕಾಣಿಸಿಕೊಂಡಿತ್ತು, ಆದರೆ ಮೂವತ್ತೇ ಏಕೆ ಎಂಬುದಕ್ಕೆ ಯಾರೂ ಒಂದು ಕಾರಣವನ್ನೂ ಹೇಳಿರಲಿಲ್ಲ.

ಇನ್ನೊಂದು ಅಂಶ ಮಗಳನ್ನೇ ಬೆಚ್ಚಿಬೀಳಿಸಿತು. ಉದ್ಯೋಗದ ಬಗ್ಗೆ ಮನೆಯವರು ಆಡಿದ ಮಾತು ನಾಲ್ಕೇ ನಾಲ್ಕು. ಆದರೆ ಮೊದಲ ಭೇಟಿಯಲ್ಲಿ ಆಕೆ, ತನ್ನ ವೃತ್ತಿಯ ನಿಧಾನದ ಬಗ್ಗೆ ಮನೆಯವರು ಸದಾ ಕೊಂಕು ನುಡಿಯುತ್ತಾರೆ ಎಂದಿದ್ದಳು. ಆ ಗಡಿಯಾರವನ್ನು ಓಡಿಸುತ್ತಿದ್ದುದು ಮನೆಯಲ್ಲ. ಆಕೆಯ ಜೊತೆ ಕೆಲಸಕ್ಕೆ ಸೇರಿದ್ದವರು ಈಗ ವಿಭಾಗಗಳ ಮುಖ್ಯಸ್ಥರಾಗಿದ್ದರು, ಆಕೆ ಪ್ರತಿ ರಾತ್ರಿ ಅವರ ಪದೋನ್ನತಿಯ ಸುದ್ದಿಯನ್ನು ಮೊಬೈಲಿನಲ್ಲಿ ನೋಡುತ್ತಿದ್ದಳು. 32ನೆಯ ವಯಸ್ಸಿಗೆ ತಾನು ಹೊಸಬಳಾಗಿ ನಿಲ್ಲಬೇಕೆಂಬ ಅಳುಕು ಆಕೆಯದೇ ಆಗಿತ್ತು. ಅದನ್ನು ತನ್ನದೆಂದು ಒಪ್ಪುವುದಕ್ಕಿಂತ ಮನೆಯವರ ಲೆಕ್ಕಕ್ಕೆ ಬರೆಯುವುದು ಸುಲಭ. ನಾವೆಲ್ಲರೂ ಇದನ್ನು ಮಾಡುತ್ತೇವೆ, ನಾನೂ ಹೊರತಲ್ಲ.

ಮೂರು ಪ್ರಶ್ನೆಗಳು

ಐದನೆಯ ಭೇಟಿಗೆ ನಾಲ್ವರೂ ಬಂದರು. ತಂದೆ ಒಪ್ಪಲಾರರೆಂದು ಮಗಳು ಭಾವಿಸಿದ್ದಳು, ಆದರೆ ಕೇಳಿದಾಗ ಅವರು ಯಾವ ತಕರಾರೂ ತೆಗೆಯಲಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ಪಕ್ಕದವರು ನೋಡದಂತೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೇಳಿದೆ. ನಿಮ್ಮ ಸ್ವಂತ ಅಭಿಪ್ರಾಯದಲ್ಲಿ ಯಾವ ವಯಸ್ಸು ದಾಟಿದರೆ ಹೆಣ್ಣಿನ ಮದುವೆ ತಡವಾಯಿತು ಎನ್ನಬಹುದು? ನಮ್ಮ ಬಳಗದ ಬಹುಪಾಲು ಜನ ಯಾವ ವಯಸ್ಸು ಹೇಳಬಹುದು? ಮೊದಲ ಪ್ರಶ್ನೆಗೆ ಈ ಕೋಣೆಯಲ್ಲಿರುವ ಉಳಿದವರು ಏನು ಬರೆದಿರಬಹುದು?

ಪ್ರಶ್ನೆಗಳನ್ನು ಹೀಗೆ ಜೋಡಿಸಲು ಒಂದು ಹಿನ್ನೆಲೆಯಿದೆ. ನ್ಯೂಗಾರ್ಟನ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಸ್ವಂತ ಅಭಿಪ್ರಾಯವನ್ನೂ ‘ಬಹುತೇಕರ ಅಭಿಪ್ರಾಯ’ ಎಂದು ಅವರು ಭಾವಿಸಿದ್ದನ್ನೂ ಪ್ರತ್ಯೇಕವಾಗಿ ಕೇಳಲಾಗಿತ್ತು. ತಾವು ವಯಸ್ಸಿನ ಕಟ್ಟಳೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಆದರೆ ಲೋಕ ಬಹಳ ಲೆಕ್ಕಿಸುತ್ತದೆ ಎಂದು ಜನ ಹೇಳಿದ್ದರು. ಈ ಅಂತರ ಎಳೆಯರಲ್ಲಿ ಅತಿ ಹೆಚ್ಚಾಗಿತ್ತು, ವಯಸ್ಸಾದಂತೆ ಕಡಿಮೆಯಾಗುತ್ತ ಹೋಗಿತ್ತು. ಅಂದರೆ ಹಿರಿಯರು ಕಟ್ಟಳೆಯನ್ನು ಕಿರಿಯರಿಗಿಂತ ಹೆಚ್ಚು ಸ್ವಂತದ್ದಾಗಿ ನಂಬುತ್ತಾರೆ. ಆದ್ದರಿಂದ ಈ ಮನೆಯಲ್ಲಿ ತಂದೆತಾಯಿ ಬರೆಯುವ ಅಂಕಿ ಮಗಳ ಅಂಕಿಗಿಂತ ಕೆಳಗಿರುತ್ತದೆ ಎಂದು ನಾನು ನಿರೀಕ್ಷಿಸಿದ್ದೆ, ಅದು ನಿಜವಾಯಿತು. ಎಷ್ಟು ಕೆಳಗೆ ಎಂಬುದರಲ್ಲಿ ಮಾತ್ರ ನನ್ನ ಊಹೆ ತಪ್ಪಿತು.

ಮಗಳು ತನ್ನ ಸ್ವಂತ ಅಭಿಪ್ರಾಯವಾಗಿ 36 ಎಂದು ಬರೆದಿದ್ದಳು, ತಾಯಿ 32, ತಂದೆ 33. ತಮ್ಮ “ಹಾಗೊಂದು ವಯಸ್ಸಿಲ್ಲ” ಎಂದು ಬರೆದು ಹಾಳೆಯನ್ನು ಮಡಚಿಟ್ಟಿದ್ದ. ಬಳಗದ ಬಹುಪಾಲು ಜನ ಹೇಳುವ ವಯಸ್ಸನ್ನು ಮಗಳು 27 ಎಂದೂ ಉಳಿದ ಮೂವರು 28 ಎಂದೂ ಬರೆದಿದ್ದರು. ಮೂರನೆಯ ಪ್ರಶ್ನೆಗೆ ಮಗಳು ತಾಯಿಯ ಉತ್ತರ 27 ಇರಬಹುದೆಂದು ಊಹಿಸಿದ್ದಳು, ತಂದೆ ತಮ್ಮ ಹೆಂಡತಿಯ ಉತ್ತರವನ್ನು 28 ಎಂದೂ, ತಾಯಿ ತಮ್ಮ ಗಂಡನ ಉತ್ತರವನ್ನು 29 ಎಂದೂ ಊಹಿಸಿದ್ದರು. ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. 28ರ ಆಸುಪಾಸಿನ ಅಂಕಿ ಎಲ್ಲರ ತಲೆಯಲ್ಲೂ ಇತ್ತು, ಆದರೆ ಅದು ಅಲ್ಲಿದ್ದ ಯಾರ ಅಭಿಪ್ರಾಯವೂ ಆಗಿರಲಿಲ್ಲ. ಗಂಡ ಒಪ್ಪಲಾರನೆಂದು ಹೆಂಡತಿ ಮಗಳನ್ನು ಅವಸರಪಡಿಸುತ್ತಿದ್ದರು, ಹೆಂಡತಿ ಕೊರಗುತ್ತಾಳೆಂದು ಗಂಡ ಸುಮ್ಮನಿರುತ್ತಿದ್ದರು.

ತಂದೆಯೇ ಮೊದಲು ಬಾಯಿಬಿಟ್ಟರು: “ನಿನಗೆ ಅವಸರ ಇದೆ ಅಂತ ನಾನು ಸುಮ್ಮನಿದ್ದೆ.” ತಾಯಿ ತಿರುಗಿ, “ನೀವು ಸುಮ್ಮನಿದ್ದದ್ದೇ ನನಗೆ ಅವಸರ ತಂದಿದ್ದು” ಎಂದರು.

ಎಲ್ಲರೂ ಒಳಗೊಳಗೆ ನಂಬದ, ಆದರೆ ಎಲ್ಲರೂ ನಂಬುತ್ತಾರೆಂದು ಎಲ್ಲರೂ ಭಾವಿಸಿದ ಕಟ್ಟಳೆಯ ಬಗ್ಗೆ ಸಮಾಜ ಮನಃಶಾಸ್ತ್ರದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಇಂಥ ಕಟ್ಟಳೆ ಬದುಕುಳಿಯುವುದು ಮೌನದ ಬಲದಿಂದ, ಏಕೆಂದರೆ ಅನುಮಾನ ಇರುವವರು ಬಾಯಿಬಿಡುವುದಿಲ್ಲ ಮತ್ತು ಬಾಯಿಬಿಡದವರನ್ನು ನೋಡಿ ಉಳಿದವರು ಅವರೂ ಒಪ್ಪಿದ್ದಾರೆಂದುಕೊಳ್ಳುತ್ತಾರೆ.

‘ನಾಲ್ಕು ಜನ’

“ನಾಲ್ಕು ಜನ ಏನೆಂದಾರು” ಎಂಬ ಮಾತು ದಾಖಲೆಯಲ್ಲಿ ಏಳು ಸಲ ಬಂದಿತ್ತು. ತಾಯಿಯನ್ನು ನಾನು ಆ ನಾಲ್ಕು ಜನರ ಪಟ್ಟಿ ಮಾಡಲು ಕೇಳಿದೆ. ಪ್ರಶ್ನೆ ತುಸು ಒರಟಾಗಿ ಕಾಣಬಹುದೆಂಬ ಅಳುಕು ನನಗಿತ್ತು, ಆದರೆ ಅವರು ನಕ್ಕು ಲೆಕ್ಕ ಹಾಕತೊಡಗಿದರು. ಮೊದಲನೆಯವರು ಅವರ ಅಕ್ಕ, ಎರಡನೆಯವರು ಗಂಡನ ಅಣ್ಣ. ಮೂರನೆಯವರಾಗಿ ನೆರೆಮನೆಯವರೊಬ್ಬರನ್ನು ಹೇಳಿ, ಅವರು ಎರಡು ವರ್ಷದ ಹಿಂದೆಯೇ ಮನೆ ಬಿಟ್ಟು ಹೋಗಿದ್ದಾರೆ ಎಂದು ನೆನಪಾಗಿ ಬಿಟ್ಟುಬಿಟ್ಟರು. ನಾಲ್ಕನೆಯವರು ಸಿಗಲೇ ಇಲ್ಲ.

ಇಬ್ಬರು ಉಳಿದರು, ಆದ್ದರಿಂದ ಅವರನ್ನೇ ಕೇಳಿ ನೋಡಬಹುದಿತ್ತು. ತಾಯಿ ತಮ್ಮ ಅಕ್ಕನಿಗೆ ಫೋನ್ ಮಾಡಿ, ಪ್ರತಿ ಸಲವೂ ಮಗಳ ಮದುವೆಯ ವಿಷಯವನ್ನೇಕೆ ಕೇಳುತ್ತೀಯ ಎಂದು ಮೊದಲ ಬಾರಿಗೆ ನೇರವಾಗಿ ವಿಚಾರಿಸಿದರು. ಅಕ್ಕನ ಉತ್ತರ ಹೀಗಿತ್ತು: “ನಿನಗೆ ಆ ಚಿಂತೆ ಇದೆ, ನಾನು ಕೇಳದಿದ್ದರೆ ತಪ್ಪು ತಿಳಿಯುತ್ತೀಯ ಅಂತ ಕೇಳುತ್ತಿದ್ದೆ.” ಕಾಳಜಿಯ ಉಪಚಾರವಾಗಿ ಕೇಳಿದ ಪ್ರಶ್ನೆ ತಂಗಿಗೆ ತಗಾದೆಯಾಗಿ ತಲುಪಿ, ಮರುದಿನ ಮಗಳಿಗೆ ಗಡುವಾಗಿ ವರ್ಗಾವಣೆಯಾಗುತ್ತಿತ್ತು.

ತಂದೆಯ ಅಣ್ಣನ ವಿಷಯ ಹಾಗಲ್ಲ. ಅವರು ಕಟ್ಟಳೆಯನ್ನು ನಿಜವಾಗಿಯೂ, ಸ್ವಂತವಾಗಿಯೂ ನಂಬಿದವರು, ಮದುವೆ 28ರೊಳಗೆ ಆಗಬೇಕೆಂದು ಕೇಳಿದವರಿಗೂ ಕೇಳದವರಿಗೂ ಹೇಳುವವರು. ಈ ವಿಧಾನದ ಮಿತಿ ಇಲ್ಲಿದೆ. ತಪ್ಪುಗ್ರಹಿಕೆಯನ್ನು ಬೆಳಕಿಗೆ ತಂದರೆ ತಪ್ಪುಗ್ರಹಿಕೆಯ ಒತ್ತಡ ಮಾತ್ರ ಇಳಿಯುತ್ತದೆ, ನಿಜವಾದ ನಂಬಿಕೆಯ ಒತ್ತಡ ಹಾಗೆಯೇ ಉಳಿಯುತ್ತದೆ. ಆದರೂ ‘ಲೋಕ’ ಎಂಬ ಮುಖವಿಲ್ಲದ ಗುಂಪು ಹೋಗಿ, ಅದರ ಜಾಗದಲ್ಲಿ ಒಬ್ಬ ದೊಡ್ಡಪ್ಪ ಉಳಿದದ್ದು ಮಗಳಿಗೆ ಸಹಿಸಬಹುದಾದ ಸಂಗತಿಯಾಯಿತು.

ಸೆಟ್ಟರ್‌ಸ್ಟನ್ ಮತ್ತು ಹಾಗೆಸ್ಟಾಡ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಚಿಕಾಗೊ ಪ್ರದೇಶದ ವಯಸ್ಕರಿಗೆ ಅವರು, ಮದುವೆಯಂಥ ಘಟ್ಟಗಳಿಗೆ ಕೊನೆಯ ಗಡುವು ಇದೆಯೇ, ಗಡುವು ಮೀರಿದರೆ ಏನಾಗುತ್ತದೆ ಎಂದು ಕೇಳಿದ್ದರು. ಗಡುವಿನ ವಯಸ್ಸನ್ನು ಬಹಳ ಮಂದಿ ಹೇಳಬಲ್ಲವರಾಗಿದ್ದರು, ಆದರೆ ಮೀರಿದವರಿಗೆ ಗಂಭೀರ ಪರಿಣಾಮ ಆಗುತ್ತದೆ ಎಂದು ಹೇಳಿದವರು ಕಡಿಮೆ. ಅದೇ ಎರಡನೆಯ ಪ್ರಶ್ನೆಯನ್ನು ನಾನು ತಾಯಿಗೆ ಕೇಳಿದೆ: ಮೂವತ್ತು ತುಂಬಿದ ಮರುದಿನ ಏನಾಗುತ್ತದೆ? ಅವರು ಯೋಚಿಸಿ, “ಸಂಬಂಧಗಳು ಬರುವುದು ಕಡಿಮೆಯಾಗುತ್ತದೆ” ಎಂದರು. ಇದು ಹುಸಿ ಭಯವಲ್ಲ. ಸಮವಯಸ್ಕರಲ್ಲಿ ಹೆಚ್ಚಿನವರು ಮದುವೆಯಾದಂತೆ ಆಯ್ಕೆ ಕಿರಿದಾಗುವುದು ನಿಜ. ಆದರೆ ಅದು ವರ್ಷಗಳ ಮೇಲೆ ಹರಡಿಕೊಂಡು ನಿಧಾನವಾಗಿ ಆಗುವ ಬದಲಾವಣೆ, ಒಂದು ಹುಟ್ಟುಹಬ್ಬದಂದು ಬಾಗಿಲು ಮುಚ್ಚುವುದಿಲ್ಲ. ಮಕ್ಕಳಾಗುವ ಸಾಧ್ಯತೆಯ ಪ್ರಶ್ನೆಯನ್ನೂ ತಾಯಿ ಎತ್ತಿದರು. ಅದನ್ನು ಸಾಮಾಜಿಕ ಗಡಿಯಾರದೊಂದಿಗೆ ಬೆರೆಸದೆ ಬೇರೆಯಾಗಿಯೇ ಇಡಬೇಕು. ಫಲವತ್ತತೆ ಮೂವತ್ತರ ದಶಕದಲ್ಲಿ ಇಳಿಯತೊಡಗುತ್ತದೆ, ಆ ದಶಕದ ನಡುವಿನ ನಂತರ ಇಳಿತ ಚುರುಕಾಗುತ್ತದೆ. ಇದನ್ನು ಮಗಳ ಮುಂದೆ ತಳ್ಳಿಹಾಕುವುದೂ ತಪ್ಪು, ಬೆದರಿಕೆಯಾಗಿ ಬಳಸುವುದೂ ತಪ್ಪು. ಸ್ತ್ರೀರೋಗ ತಜ್ಞರೊಬ್ಬರನ್ನು ಆಕೆ ತಾನೇ ಕಂಡು, ತನ್ನ ದೇಹದ ಮಟ್ಟಿಗೆ ತಿಳಿದುಕೊಂಡು ಬಂದಳು.

ಗಡಿಯಾರ ಯಾರದು?

ಆರನೆಯ ಭೇಟಿಯಲ್ಲಿ ಒಂದು ಉದ್ದನೆಯ ಕಾಗದದ ಮೇಲೆ ನಾಲ್ವರ ಬದುಕಿನ ಗೆರೆಗಳನ್ನೂ ಒಂದರ ಕೆಳಗೊಂದು ಎಳೆದೆವು. ಮೇಲೆ ವರ್ಷಗಳು, ಕೆಳಗೆ ಪ್ರತಿಯೊಬ್ಬರಿಗೂ ನಡೆಯಲಿರುವ ಅಥವಾ ಅವರು ಎದುರುನೋಡುತ್ತಿರುವ ಘಟನೆಗಳು. ಈ ಪ್ರಕರಣದ ಗಂಟು ಬಿಚ್ಚಿದ್ದು ಈ ಕಾಗದದ ಮೇಲೆ.

ತಂದೆಯ ಗೆರೆಯಲ್ಲಿ, 18 ತಿಂಗಳ ನಂತರ ನಿವೃತ್ತಿ ಎಂದಿತ್ತು. ಮಗಳ ಗೆರೆಯಲ್ಲಿ ಪದವಿ ಮುಗಿಯುವುದು 22 ತಿಂಗಳ ನಂತರ. ಮದುವೆಗೆ ಮುಂಚೆ ಓದು ಮುಗಿಯಬೇಕೆಂಬುದು ಮಗಳ ಕ್ರಮ, ನಿವೃತ್ತಿಗೆ ಮುಂಚೆ ಮಗಳ ಮದುವೆ ಆಗಬೇಕೆಂಬುದು ತಂದೆಯ ಕ್ರಮ. ನಡುವೆ ಇದ್ದದ್ದು ನಾಲ್ಕು ತಿಂಗಳು, ಅದಕ್ಕೂ ಮೂವತ್ತು ಎಂಬ ಅಂಕಿಗೂ ಸಂಬಂಧವೇ ಇರಲಿಲ್ಲ. ತಂದೆ ಬಹಳ ಹೊತ್ತಿನ ನಂತರ ಹೇಳಿದ್ದು ಎರಡು ಸಂಗತಿ. ಸಂಬಳ ನಿಂತ ಮೇಲೆ ಖರ್ಚು ನಿಭಾಯಿಸುವುದು ಹೇಗೆಂಬ ಚಿಂತೆ ಒಂದು. ಇನ್ನೊಂದನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು: ಹುದ್ದೆಯಲ್ಲಿದ್ದಾಗ ಜನ ಬರುತ್ತಾರೆ, ಆಮೇಲೆ ಬರುತ್ತಾರೋ ಇಲ್ಲವೋ. ಮೊದಲನೆಯದಕ್ಕೆ ಲೆಕ್ಕದಲ್ಲಿ ಉತ್ತರವಿತ್ತು. ಒಂದು ಮೊತ್ತವನ್ನು ಈಗಲೇ ಬೇರೆಯಾಗಿಟ್ಟರೆ ಹಣ ದಿನಾಂಕಕ್ಕೆ ಕಟ್ಟುಬೀಳುವುದಿಲ್ಲ. ಲೆಕ್ಕಪತ್ರ ಬಲ್ಲ ಮಗಳೇ ಅದನ್ನು ಒಂದು ಸಂಜೆ ಕೂತು ಮಾಡಿಕೊಟ್ಟಳು. ಎರಡನೆಯದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಮಗಳ ಬಳಿಯೂ ಇರಲಿಲ್ಲ. ಆದರೆ ಅದು ಅಪ್ಪನ ಅಳಲು, ತನ್ನ ವಯಸ್ಸಿನ ಮೇಲಿನ ತೀರ್ಪಲ್ಲ ಎಂದು ತಿಳಿದದ್ದೇ ಆಕೆಗೆ ದೊಡ್ಡ ಬಿಡುಗಡೆಯಾಯಿತು.

ತಾಯಿಯ ಗೆರೆ ಇದಕ್ಕಿಂತ ಸೂಕ್ಷ್ಮ. ಅವರಿಗೆ 57. ಅವರ ತಾಯಿ 45ಕ್ಕೇ ಅಜ್ಜಿಯಾಗಿದ್ದರು, ಅಕ್ಕ 50ಕ್ಕೆ. ಬೇರೊಬ್ಬರ ಬದುಕಿನ ತಿರುವಿನಿಂದ ನಮ್ಮ ಬದುಕಿನಲ್ಲಿ ಆಗುವ ತಿರುವುಗಳ ಬಗ್ಗೆ, ಮೇಲೆ ಹೇಳಿದ ಗುನ್‌ಹಿಲ್ಡ್ ಹಾಗೆಸ್ಟಾಡ್ ಬರೆದಿದ್ದಾರೆ. ಅಜ್ಜಿಯಾಗುವುದು, ಅತ್ತೆಯಾಗುವುದು ಇವೆಲ್ಲ ನಾವು ಹೆಜ್ಜೆಯಿಟ್ಟು ತಲುಪುವ ಘಟ್ಟಗಳಲ್ಲ, ಮಕ್ಕಳು ಹೆಜ್ಜೆಯಿಟ್ಟಾಗ ನಮಗೆ ಬಂದು ತಲುಪುವವು. ಆದ್ದರಿಂದ ಮಗಳು ತಡಮಾಡಿದಾಗ ತಾಯಿಯೂ ತಡವಾಗುತ್ತಾರೆ, ಆದರೆ ಅದರ ಮೇಲೆ ಅವರಿಗೆ ಯಾವ ಹಿಡಿತವೂ ಇರುವುದಿಲ್ಲ. ಒತ್ತಾಯಿಸುವುದೊಂದೇ ಅವರ ಕೈಯಲ್ಲಿ ಉಳಿಯುವ ಸಾಧನ. “ಮೊಮ್ಮಗುವನ್ನು ಎತ್ತಿಕೊಳ್ಳುವ ಶಕ್ತಿ ಇರುವಾಗಲೇ ಬೇಕು ಅನ್ನಿಸುತ್ತದೆ, ಅದನ್ನು ಹೇಳಿದರೆ ಸ್ವಾರ್ಥ ಎನ್ನಿಸುತ್ತದೆ, ಅದಕ್ಕೇ ನಿನ್ನ ವಯಸ್ಸಿನ ಮಾತು ಆಡುತ್ತಿದ್ದೆ” ಎಂದು ಅವರು ಮಗಳಿಗೆ ಹೇಳಿದರು. ಮಗಳು ಆ ಆಸೆಯನ್ನು ಪೂರೈಸುವ ಮಾತು ಕೊಡಲಿಲ್ಲ. ಕೊಡಬೇಕೆಂದು ನಾನೂ ಹೇಳಲಿಲ್ಲ. ಆಸೆಯನ್ನು ಆಸೆಯೆಂದೇ ಕೇಳಿಸಿಕೊಂಡಳು. ಗಡುವಿನ ಜೊತೆ ಜಗಳವಾಡಬಹುದು, ಆಸೆಯ ಜೊತೆ ಜಗಳ ಹೂಡುವುದು ಕಷ್ಟ, ಅಗತ್ಯವೂ ಇಲ್ಲ.

ಕೊನೆಯ ಭೇಟಿಯಲ್ಲಿ ಮನೆಯವರು ತಮ್ಮಲ್ಲೇ ಒಂದು ಒಪ್ಪಂದಕ್ಕೆ ಬಂದರು. ಮದುವೆಯ ವಿಷಯವನ್ನು ಎರಡು ತಿಂಗಳಿಗೊಮ್ಮೆ, ಗೊತ್ತುಪಡಿಸಿದ ಒಂದು ಭಾನುವಾರ ಮಾತ್ರ ಮಾತನಾಡುವುದು, ಆ ದಿನ ಮಗಳು ತಪ್ಪಿಸಿಕೊಳ್ಳದೆ ತನ್ನ ಮನಸ್ಸಿನಲ್ಲಿರುವುದನ್ನು ಹೇಳುವುದು. ನೆಂಟರು ಕೇಳಿದರೆ ಕೊಡಬೇಕಾದ ಉತ್ತರವನ್ನು ತಾಯಿಯೇ ರೂಪಿಸಿದರು: “ಓದು ಮುಗಿಯಲಿ ಎಂದು ನಾವೆಲ್ಲ ಸೇರಿ ತೀರ್ಮಾನಿಸಿದ್ದೇವೆ.” ‘ನಾವೆಲ್ಲ ಸೇರಿ’ ಎಂಬ ಎರಡು ಪದಗಳು ಇಲ್ಲಿ ಮುಖ್ಯ, ಏಕೆಂದರೆ ‘ಅವಳು ಒಪ್ಪುತ್ತಿಲ್ಲ’ ಎಂಬ ಹಿಂದಿನ ಉತ್ತರ ಪ್ರತಿ ಸಲವೂ ಮುಂದಿನ ಪ್ರಶ್ನೆಗೆ ದಾರಿ ಮಾಡಿಕೊಡುತ್ತಿತ್ತು.

ಎಲ್ಲಿ ಇದು ಸಲ್ಲದು

ಈ ಪ್ರಕರಣದಲ್ಲಿ ಒತ್ತಡ ಮಾತಿನ ರೂಪದಲ್ಲಿತ್ತು, ಮತ್ತು ಮಾತನಾಡುವವರು ಮಗಳ ‘ಇಲ್ಲ’ವನ್ನು ಬೇಸರದಿಂದಲಾದರೂ ಸಹಿಸುತ್ತಿದ್ದರು. ಒಟ್ಟಿಗೆ ಕೂರಿಸಿ ಹಾಳೆ ತುಂಬಿಸುವ ಕೆಲಸ ಅಲ್ಲಿ ಮಾತ್ರ ಸುರಕ್ಷಿತ. ಓದಿನ ಹಣ ನಿಲ್ಲಿಸುವುದು, ಫೋನ್ ಕಿತ್ತುಕೊಳ್ಳುವುದು, ಹೊರಗೆ ಹೋಗದಂತೆ ತಡೆಯುವುದು, ಕೈಮಾಡುವುದು ಅಥವಾ ಮಗಳಿಗೆ ತಿಳಿಸದೆ ದಿನ ನಿಗದಿ ಮಾಡುವುದು ಇದ್ದಲ್ಲಿ, ಅದು ವಯಸ್ಸಿನ ಕಟ್ಟಳೆಯ ತಪ್ಪುಗ್ರಹಿಕೆಯಲ್ಲ, ಬಲವಂತ. ಅಲ್ಲಿ ಕುಟುಂಬದ ಭೇಟಿಗೆ ಮುಂಚೆ ಆ ವ್ಯಕ್ತಿಯ ರಕ್ಷಣೆಯ ವ್ಯವಸ್ಥೆಯಾಗಬೇಕು. ಮೊದಲ ಭೇಟಿಯಲ್ಲೇ, ಒಬ್ಬರೇ ಇರುವಾಗ, ಇವನ್ನು ಒಂದೊಂದಾಗಿ ಕೇಳಿ ತಿಳಿಯುವುದು ನನ್ನ ರೂಢಿ.

ಎಂಟು ತಿಂಗಳ ನಂತರ ಮಗಳು ಮತ್ತೊಮ್ಮೆ ಬಂದಳು. ಅಷ್ಟರಲ್ಲಿ ಆಕೆಗೆ ಮೂವತ್ತು ತುಂಬಿತ್ತು. ಒಂದು ವಾರದ ದಾಖಲೆಯಲ್ಲಿ ಮೂರು ಮಾತುಗಳಿದ್ದವು, ಅವುಗಳಲ್ಲಿ ಎರಡು ದೊಡ್ಡಪ್ಪನವು. ನಿದ್ರೆ ಬಹುಮಟ್ಟಿಗೆ ಸರಿಹೋಗಿತ್ತು, ಆದರೆ ಹಳೆಯ ಸಹೋದ್ಯೋಗಿಗಳ ಪದೋನ್ನತಿಯ ಸುದ್ದಿ ನೋಡುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಭಾನುವಾರದ ಮಾತುಕತೆ ನಾಲ್ಕು ಸಲ ನಡೆಯಬೇಕಿದ್ದಲ್ಲಿ ಮೂರು ಸಲ ನಡೆದಿತ್ತು. ತಪ್ಪಿದ ಒಂದು ಸಲ, ಅದನ್ನು ಮರೆತಿದ್ದವರು ತಾಯಿಯೇ.